ಕನ್ನಡ-ಇಂಗ್ಲಿಷ್ ಬೆರೆಸಿದ ಕ್ಯಾಪ್ಷನ್ ಯಾಕೆ ಕೃತಕ ಅನ್ಸುತ್ತೆ? ಒಂದು ರೇನ್ ಜಾಕೆಟ್ ಕ್ಯಾಪ್ಷನ್ ಇಟ್ಕೊಂಡು ಚರ್ಚೆ

ಮಳೆಕೋಟು

ಎಲ್ಲರಿಗೂ ನಮಸ್ಕಾರ. ಸ್ಕೂಟರ್ ಓಡಿಸೋರಿಗೆ ಅಂತಲೇ ರೇನ್ ಜಾಕೆಟ್ ಮಾಡೋ ಸಣ್ಣ ಬ್ರ್ಯಾಂಡ್ ಒಂದಕ್ಕೆ ಇನ್‌ಸ್ಟಾಗ್ರಾಮ್ ಕ್ಯಾಪ್ಷನ್ ಬರೀತಿದೀನಿ. ಕೊಳ್ಳೋರು ಬೆಂಗಳೂರಲ್ಲಿ ಕೆಲಸಕ್ಕೆ ಹೋಗೋ 22ರಿಂದ 30 ವಯಸ್ಸಿನವರು. "ಹುಡುಗ್ರು ಮಾತಾಡೋ ಹಾಗೆ ಇರಲಿ, ಮಿಕ್ಸ್ ಇರಲಿ" ಅಂತಷ್ಟೇ ಹೇಳಿದಾರೆ. ನಾನು ಬರೆದದ್ದು ಇದು:

> ಹೇ ಗುರು! ಮಳೆ ಈಸ್ ಹಿಯರ್, ಬಟ್ ಡೋಂಟ್ ವರಿ! ನಮ್ಮ ಸಖತ್ ರೇನ್ ಜಾಕೆಟ್ ನಿಮ್ಮನ್ನು ಫುಲ್ ಡ್ರೈ ಆಗಿ ಇರಿಸುತ್ತದೆ. ಜಸ್ಟ್ ₹1,299ಕ್ಕೆ! ಈಗಲೇ ಆರ್ಡರ್ ಮಾಡಿ ಮಗಾ!

ಓದಿದವರೆಲ್ಲ "ಏನೋ ಒಂಥರಾ ಇದೆ" ಅಂತಾರೆ, ಎಲ್ಲಿ ತಪ್ಪಿದೆ ಅಂತ ಹೇಳಕ್ಕೆ ಅವರಿಗೂ ಬರ್ತಿಲ್ಲ.

ಜಾಕೆಟ್ ಬಗ್ಗೆ ಹೇಳಬೇಕಾದ್ದು: ಮಡಚಿದ್ರೆ ಅದರ ಜೇಬಿಗೇ ಹಿಡಿಸುತ್ತೆ, ಸೀಟ್ ಕೆಳಗೆ ಇಟ್ಕೊಬಹುದು. ಹೊಲಿಗೆಗಳ ಮೇಲೆ ಒಳಗಡೆಯಿಂದ ಟೇಪ್ ಹಾಕಿದೆ. ಬೆನ್ನ ಮೇಲೆ ರಿಫ್ಲೆಕ್ಟರ್ ಪಟ್ಟಿ ಇದೆ. ಎಂ ಇಂದ ಡಬಲ್ ಎಕ್ಸೆಲ್ ವರೆಗೆ ಸೈಜ್ ಸಿಗುತ್ತೆ.

---

ಸ್ಕ್ರಾಲ್_ನಿಲ್ಸಿ

ಇಂಗ್ಲಿಷ್ ಜಾಸ್ತಿ ಆಗಿದೆ, ಅಷ್ಟೇ. 70ಕ್ಕೆ 30 ಲೆಕ್ಕ ಇಟ್ಕೊಳ್ಳಿ. ಹತ್ತು ಪದದಲ್ಲಿ ಏಳು ಕನ್ನಡ, ಮೂರು ಇಂಗ್ಲಿಷ್. ಅದಕ್ಕಿಂತ ಜಾಸ್ತಿ ಇಂಗ್ಲಿಷ್ ಬಂದ್ರೆ ಶೋಕಿ ಥರ ಕಾಣುತ್ತೆ, ಕಮ್ಮಿ ಆದ್ರೆ ಸರ್ಕಾರಿ ಸುತ್ತೋಲೆ ಥರ ಓದ್ಸುತ್ತೆ.

---

ಒತ್ತಕ್ಷರ

ಪದ ಎಣಿಸಿದ್ರೆ ಇದು ಸಿಗಲ್ಲ. ಈ ವಾಕ್ಯ ನೋಡಿ:

> ಲ್ಯಾಪ್‌ಟಾಪ್, ಚಾರ್ಜರ್, ಲಂಚ್ ಬಾಕ್ಸ್, ಆಫೀಸ್ ಬ್ಯಾಗ್ ಎಲ್ಲಾ ಸೇಫಾಗಿರುತ್ತೆ.

ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇಂಗ್ಲಿಷೇ ಇದೆ. ಆದ್ರೂ ಯಾರಿಗೂ ಕೃತಕ ಅನ್ಸಲ್ಲ, ಯಾಕಂದ್ರೆ ವಾಕ್ಯ ಕನ್ನಡದ್ದು. ಸಾಮಾನಿನ ಹೆಸರುಗಳು ಇಂಗ್ಲಿಷಿಂದ ಬಂದಿವೆ, ಅವನ್ನ ಕಟ್ಟಿ ನಿಲ್ಲಿಸಿರೋ "ಎಲ್ಲಾ" ಮತ್ತು "ಆಗಿರುತ್ತೆ" ಕನ್ನಡದವು. ಈಗ "ಮಳೆ ಈಸ್ ಹಿಯರ್" ನೋಡಿ. ಅಲ್ಲಿ ಮೂರರಲ್ಲಿ ಒಂದು ಪದ ಕನ್ನಡ, ಆದ್ರೆ ವಾಕ್ಯ ಇಂಗ್ಲಿಷಿಂದು, ಕನ್ನಡ ಪದ ಬರೀ ಅಂಟಿಸಿದ್ದು. ಬೆಂಗಳೂರಿನ ಯಾವ ಆಫೀಸ್ ಕ್ಯಾಂಟೀನಲ್ಲಿ ಕೂತು ಕಿವಿಗೊಟ್ಟರೂ ಈ ಥರದ ವಾಕ್ಯ ಕೇಳ್ಸಲ್ಲ. "ಮಳೆ ಶುರುವಾಯ್ತು" ಅಂತಾರೆ, ಇಲ್ಲ ಪೂರ್ತಿ ಇಂಗ್ಲಿಷಲ್ಲಿ ಹೇಳ್ತಾರೆ.

ಹಾಗಾಗಿ ಮೊದಲು ನೋಡಬೇಕಾದ್ದು ವಾಕ್ಯದ ಕೊನೆ. ಕ್ರಿಯಾಪದ, ಅದರ ಬಾಲ, ವಿಭಕ್ತಿ, "ಊ", "ಏ", "ಅಂತ", "ಆದ್ರೆ" ಇವೆಲ್ಲ ಕನ್ನಡದಲ್ಲಿರಲಿ. ಇಂಗ್ಲಿಷ್ ಕ್ರಿಯಾಪದ ಬಂದ್ರೂ "ಮಾಡು", "ಆಗು" ಹಿಡ್ಕೊಂಡೇ ಬರುತ್ತೆ: ಆರ್ಡರ್ ಮಾಡಿ, ಕನ್ಫರ್ಮ್ ಆಯ್ತು, ಪ್ಯಾಕ್ ಆಗಿದೆ. "ಆರ್ಡರಿಸಿ", "ಬುಕ್ಕಿಸಿ" ಅನ್ನೋದು ಬರವಣಿಗೆಯಲ್ಲಿ ಅಪರೂಪಕ್ಕೆ ಕಾಣುತ್ತೆ, ಬಾಯಲ್ಲಿ ಬರಲ್ಲ.

ಒಂದು ವಿನಾಯಿತಿ ಇದೆ. ಇಡೀ ತುಣುಕೇ ಮಾತಲ್ಲಿ ಬಳಕೆಯಾಗಿದ್ರೆ ಅದು ಒಂದೇ ಪದ ಇದ್ದ ಹಾಗೆ. "ನೋ ಟೆನ್ಷನ್", "ಡೋಂಟ್ ವರಿ", "ಲಾಸ್ಟ್ ಮಿನಿಟ್" ಅಂತ ಜನ ಹೇಳ್ತಾರೆ. ಹಾಗಾಗಿ ನಿಮ್ಮ "ಡೋಂಟ್ ವರಿ" ತಪ್ಪಲ್ಲ. "ಬಟ್" ಕೂಡ ಮಾತಲ್ಲಿದೆ. ಆ ಸಾಲಲ್ಲಿ ತಪ್ಪು "ಈಸ್ ಹಿಯರ್" ಒಂದೇ.

---

ಸ್ಕ್ರಾಲ್_ನಿಲ್ಸಿ

ಲ್ಯಾಪ್‌ಟಾಪ್ ಉದಾಹರಣೆ ಒಪ್ಪಿದೆ. ಆದ್ರೂ ಒಂದೇ ಕ್ಯಾಪ್ಷನಲ್ಲಿ ವಾಟರ್‌ಪ್ರೂಫ್, ಲೈಟ್‌ವೆಯ್ಟ್, ಸ್ಟೈಲಿಶ್ ಅಂತ ಸಾಲಾಗಿ ತುಂಬಿದ್ರೆ ಬೇಜಾರಾಗುತ್ತೆ ಅನ್ನೋದು ನಿಜ ಅಲ್ವಾ? ವಾಕ್ಯದ ಕೊನೆಗೆ "ಆಗಿದೆ" ಇದ್ರೂ ಕೂಡ.

---

ಒತ್ತಕ್ಷರ

ಅದು ನಿಜ. ಅಲ್ಲಿ ಬೇಜಾರು ತರೋದು ಭಾಷೆಗಿಂತ ಹೆಚ್ಚಾಗಿ ಡಬ್ಬಿ ಮೇಲಿನ ಬರಹ ಓದಿದಂಗೆ ಆಗೋದು. ವಿಶೇಷಣದ ಸಾಲನ್ನ ಒಂದು ಕೆಲಸವಾಗಿ ಬದಲಾಯಿಸಿದ್ರೆ ಭಾಷೆ ತಾನಾಗೇ ಸರಿ ಹೋಗುತ್ತೆ. "ಲೈಟ್‌ವೆಯ್ಟ್ ಆಗಿದೆ" ಅನ್ನೋ ಬದಲು "ಮಡಚಿದ್ರೆ ಜೇಬಿಗೇ ಹೋಗುತ್ತೆ".

---

ಹಾಳೆಪೆನ್ನು

ನಿಮ್ಮ ಕ್ಯಾಪ್ಷನಲ್ಲಿ ಇನ್ನೂ ದೊಡ್ಡ ತೊಂದ್ರೆ ನನಗೆ ಕಾಣೋದು ಬೇರೆ. "ಹೇ ಗುರು" ಅಂತ ಶುರು ಮಾಡಿ, ಮಧ್ಯದಲ್ಲಿ "ನಿಮ್ಮನ್ನು" ಅಂದು, "ಮಾಡಿ ಮಗಾ" ಅಂತ ಮುಗಿಸಿದ್ದೀರ. "ಮಗಾ" ಅಂದ್ಮೇಲೆ "ಮಾಡು" ಅಥವಾ "ಮಾಡೋ" ಬರ್ಬೇಕು. "ಮಾಡಿ ಮಗಾ" ಅಂತ ಯಾರೂ ಯಾರಿಗೂ ಹೇಳಲ್ಲ. ಓದುಗರಿಗೆ "ಒಂಥರಾ" ಅನ್ಸಿರೋದು ಇಲ್ಲೇ ಇರಬೇಕು. ಇಂಗ್ಲಿಷಲ್ಲಿ ಯೋಚಿಸಿ ಬರೆದಾಗ ಈ ಎಡವಟ್ಟು ಕಣ್ಣಿಗೆ ಬೀಳಲ್ಲ, ಯಾಕಂದ್ರೆ ಅಲ್ಲಿ ನೀನು-ನೀವು ಎರಡಕ್ಕೂ ಒಂದೇ ಪದ.

ಎರಡರಲ್ಲಿ ಒಂದನ್ನ ಆರಿಸಿ. ನೀವು ಅಂತ ಹೋದ್ರೆ ಗುರು, ಮಗಾ, ಮಚ್ಚಾ ಎಲ್ಲ ಹೊರಗೆ. ನೀನು ಅಂತ ಹೋದ್ರೆ ಕ್ಯಾಪ್ಷನ್ ಮಾತ್ರ ಅಲ್ಲ, ಡಿಎಂ ಉತ್ತರ, "ನಿನ್ನ ಆರ್ಡರ್ ಹೊರಟಿದೆ" ಅನ್ನೋ ಮೆಸೇಜ್, ರಿಟರ್ನ್ ಫಾರ್ಮ್ ಎಲ್ಲವೂ ನೀನು ಅಂತಲೇ ಇರಬೇಕಾಗುತ್ತೆ. ದುಡ್ಡು ಕೊಟ್ಟು ಜಾಕೆಟ್ ಲೇಟಾದವರಿಗೆ "ಸ್ವಲ್ಪ ವೇಟ್ ಮಾಡು" ಅಂತ ಬರೆಯಕ್ಕಾಗುತ್ತಾ? ಆಗಲ್ಲ ಅಂದ್ರೆ ಕ್ಯಾಪ್ಷನಲ್ಲೂ ಬೇಡ.

ಇನ್ನೊಂದು ಮಾತು. ಮಗಾ, ಮಚ್ಚಾ ಅನ್ನೋದು ಹೆಚ್ಚಾಗಿ ಗಂಡು ಹುಡುಗರ ಗುಂಪಿನ ಮಾತು. ಸ್ಕೂಟರ್ ಓಡಿಸೋರಲ್ಲಿ ಹೆಣ್ಮಕ್ಕಳು ಎಷ್ಟು ಜನ ಇದಾರೆ ನೋಡಿ. ಆ ಒಂದು ಪದದಲ್ಲೇ ಅವರನ್ನ ಆಚೆ ಇಟ್ಟಂಗಾಗುತ್ತೆ.

---

ಮಳೆಕೋಟು

ಇದು ನನಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ಆದ್ರೆ ನೀವು ಅಂತ ಬರೆದ ಕೂಡ್ಲೇ ಬ್ಯಾಂಕ್ ನೋಟಿಸ್ ಥರ ಬಿಗಿಯಾಗಿಬಿಡುತ್ತೆ. ಆ ಭಯಕ್ಕೇ ಗುರು ಸೇರಿಸಿದ್ದು.

---

ಒತ್ತಕ್ಷರ

ಬಿಗಿ ಬರೋದು "ನೀವು" ಇಂದ ಅಲ್ಲ, ಕ್ರಿಯಾಪದದ ಬಾಲದಿಂದ. "ಇರಿಸುತ್ತದೆ" ಪುಸ್ತಕದ ರೂಪ. "ಇರುತ್ತೆ", "ಹೋಗುತ್ತೆ", "ಸಿಗುತ್ತೆ", "ಆಗಲ್ಲ", "ಬೇಕಿಲ್ಲ" ಅಂತ ಬರೆದು ನೋಡಿ. ಮರ್ಯಾದೆಯೂ ಇರುತ್ತೆ, ಸಲಿಗೆಯೂ ಬರುತ್ತೆ. ಅಕ್ಕಪಕ್ಕದ ಮನೆಯವರ ಜೊತೆ ನೀವು ಅಂತಲೇ ಮಾತಾಡ್ತೀವಿ, ಅಲ್ಲಿ ಬಿಗಿ ಇರುತ್ತಾ?

ಎರಡನೇದು "ನಿಮ್ಮನ್ನು". ಜಾಕೆಟ್ ನಿಮ್ಮನ್ನು ಡ್ರೈ ಆಗಿ ಇರಿಸುತ್ತದೆ ಅನ್ನೋದು ಪದ ಕನ್ನಡ ಆದ್ರೂ ಇಂಗ್ಲಿಷ್ ವಾಕ್ಯ. ಕನ್ನಡದಲ್ಲಿ ಜಾಕೆಟ್ ಯಾರನ್ನೂ ಏನೂ ಆಗಿ ಇರಿಸಲ್ಲ. ನೀರು ಒಳಗೆ ಹೋಗಲ್ಲ, ನಾವು ನೆನೆಯಲ್ಲ. ಕನ್ನಡದವರು ಹೇಳೋದು ಈ ಎರಡರಲ್ಲಿ ಒಂದು.

ಹಾಗೇ ವಸ್ತುಗಳಿಗೆ "ಅನ್ನು" ಹಚ್ಚೋದು. "ಜಾಕೆಟನ್ನು ಮಡಚಿ, ಸೀಟಿನ ಕೆಳಗೆ ಇಡಿ" ಅಂತ ಬರೆದ್ರೆ ತಪ್ಪೇನಿಲ್ಲ, ಆದ್ರೆ ಮಾತಲ್ಲಿ "ಜಾಕೆಟ್ ಮಡಚಿ, ಸೀಟ್ ಕೆಳಗೆ ಇಡಿ" ಅಂತಲೇ ಬರೋದು. ಮಾತಿನ ಕನ್ನಡ ಜೀವ ಇಲ್ಲದ ವಸ್ತುವಿನ ಮೇಲೆ ಆ ಪ್ರತ್ಯಯ ಸಾಮಾನ್ಯವಾಗಿ ಬಿಟ್ಟುಬಿಡುತ್ತೆ. ಕ್ಯಾಪ್ಷನ್ ಬರೆದಾದ ಮೇಲೆ "ಅನ್ನು" ಎಲ್ಲೆಲ್ಲಿದೆ ಹುಡುಕಿ, ತೆಗೆದು ಓದಿ. ಹತ್ತರಲ್ಲಿ ಎಂಟು ಕಡೆ ಅರ್ಥ ಹಾಗೇ ಉಳಿಯುತ್ತೆ.

---

ನಾಮಫಲಕ

ಒಂದು ವಿಷಯ ಎಲ್ಲರೂ ಮರೀತಿದೀರ. ಕರ್ನಾಟಕದಲ್ಲಿ 60% ಕನ್ನಡ ಕಡ್ಡಾಯ ಅಂತ ಕಾನೂನಿದೆ. ಅಂಗಡಿಯವರು ಹೀಗೆ ಅರ್ಧಂಬರ್ಧ ಇಂಗ್ಲಿಷ್ ಹಾಕಿದ್ರೆ ದಂಡ ಬೀಳಲ್ವಾ? ಇಂಗ್ಲಿಷ್ ಪದ ಕನ್ನಡ ಲಿಪೀಲಿ ಬರೆದ್ರೆ ಅದು ಕನ್ನಡ ಅಂತ ಲೆಕ್ಕಕ್ಕೆ ಬರುತ್ತಾ?

---

ಹಾಳೆಪೆನ್ನು

ಅದು ನಾಮಫಲಕದ ನಿಯಮ ರೀ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ. ಅಂಗಡಿ, ಸಂಸ್ಥೆಗಳ ಹೆಸರಿನ ಬೋರ್ಡಲ್ಲಿ 60% ಕನ್ನಡ ಇರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ಇಲ್ಲಿ ಕೇಳಿರೋದು ಫೋನಲ್ಲಿ ಓದೋ ಕ್ಯಾಪ್ಷನ್ ಬಗ್ಗೆ, ಬೋರ್ಡಿನ ಅಳತೆ ಇದಕ್ಕೆ ಬರಲ್ಲ.

---

ಮಳೆಕೋಟು

ಎರಡನೇ ಪ್ರಯತ್ನ:

> ಮಳೆ ಶುರುವಾಯ್ತು. ಡೋಂಟ್ ವರಿ! ಈ ರೇನ್ ಜಾಕೆಟ್ ಹಾಕಿದ್ರೆ ಒಂದು ಹನಿ ನೀರೂ ಒಳಗೆ ಹೋಗಲ್ಲ. ಫೋಲ್ಡ್ ಮಾಡಿ ಅಂಡರ್ ಸೀಟ್ ಇಟ್ಕೊಬಹುದು. ಜಸ್ಟ್ ₹1,299ಕ್ಕೆ ನಿಮ್ಮದಾಗಿಸಿಕೊಳ್ಳಿ.

---

ಒತ್ತಕ್ಷರ

ಎಷ್ಟೋ ಹತ್ತಿರ ಬಂದಿದೆ. ಮೂರು ಜಾಗ ಉಳಿದಿವೆ.

"ಅಂಡರ್ ಸೀಟ್": ಕೆಳಗೆ, ಮೇಲೆ, ಒಳಗೆ, ಈಗ, ನಾಳೆ, ಇಲ್ಲಿ, ದೊಡ್ಡದು, ಚಿಕ್ಕದು, ಬಿಸಿ, ಒದ್ದೆ, ಇಂಥ ದಿನಬಳಕೆಯ ಪದಗಳನ್ನ ಇಂಗ್ಲಿಷಿಗೆ ತಿರುಗಿಸಬೇಡಿ. ಮಿಕ್ಸ್ ಮಾಡೋರು ಕೂಡ ಇವುಗಳನ್ನ ಹೆಚ್ಚಾಗಿ ಕನ್ನಡದಲ್ಲೇ ಇಟ್ಕೊಂಡಿರ್ತಾರೆ. ಅದೇ ಥರ ಇನ್ನೊಂದು ಕಡೆಯಿಂದ, ಸೈಜ್, ಡೆಲಿವರಿ, ರಿಟರ್ನ್, ಜಿಪ್, ಹುಡ್ ಇವನ್ನ ಕನ್ನಡಕ್ಕೆ ಎಳೀಬೇಡಿ. "ಅಳತೆಗಳು ಲಭ್ಯ" ಅಂದ್ರೆ ಟೈಲರ್ ಅಂಗಡಿ ನೆನಪಾಗುತ್ತೆ. "ಫೋಲ್ಡ್ ಮಾಡಿ", "ಮಡಚಿ" ಎರಡೂ ಬಾಯಲ್ಲಿವೆ, ಯಾವುದಾದ್ರೂ ಆಗುತ್ತೆ. ಚಿಕ್ಕದು ಅಂತ ನಾನು ಮಡಚಿ ಇಟ್ಕೊಳ್ತೀನಿ.

"ನಿಮ್ಮದಾಗಿಸಿಕೊಳ್ಳಿ": ಇದು ಜಾಹೀರಾತಲ್ಲಿ ಮಾತ್ರ ಬದುಕಿರೋ ಪದ. "ತಗೊಳ್ಳಿ" ಸಾಕು.

"₹1,299ಕ್ಕೆ": ಇದನ್ನ ಗಟ್ಟಿಯಾಗಿ ಓದಿ. "ಕ್ಕೆ" ಅಂತ ಬರೆದ್ರೆ ಓದುಗರು ಸಾವಿರದ ಇನ್ನೂರ ತೊಂಬತ್ತೊಂಬತ್ತಕ್ಕೆ ಅಂತ ಓದಲೇಬೇಕು. ಆದ್ರೆ ಈ ವಯಸ್ಸಿನವರಲ್ಲಿ ಎಷ್ಟೋ ಜನ ಬೆಲೆ ಓದೋದು ಟ್ವೆಲ್ವ್ ನೈಂಟಿನೈನ್ ಅಂತ. ಅವರ ಬಾಯಿಗೆ "ಗೆ" ಬರ್ಬೇಕು, ಪರದೆ ಮೇಲೆ "ಕ್ಕೆ" ಇದೆ. ಅಲ್ಲಿ ನಾಲಿಗೆ ತಡವರಿಸುತ್ತೆ. ಅಂಕಿಗೆ ಪ್ರತ್ಯಯ ಹಚ್ಚದೆ ಬೆಲೆ ಒಂದನ್ನೇ ಬಿಡಿಯಾಗಿ ನಿಲ್ಲಿಸಿ. ಯಾರು ಹೇಗೆ ಬೇಕಾದ್ರೂ ಓದ್ಕೊಳ್ಳಲಿ.

---

ಸ್ಕ್ರಾಲ್_ನಿಲ್ಸಿ

ನೀವು ಎಷ್ಟೇ ತಿದ್ದಿದ್ರೂ ಕನ್ನಡ ಲಿಪೀಲಿ ಇದ್ರೆ ಬೆಂಗಳೂರಿನ ಅರ್ಧ ಹುಡುಗ್ರು ಓದಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಕನ್ನಡ ಮಾತಾಡ್ತಾರೆ, ಓದಕ್ಕೆ ನಿಧಾನ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೀರಿ. ಫ್ರೆಂಡ್ಸ್ ಗ್ರೂಪಲ್ಲಿ ಎಲ್ಲರೂ ಹಾಗೇ ಟೈಪ್ ಮಾಡೋದು.

---

ಹಾಳೆಪೆನ್ನು

ಗ್ರೂಪಲ್ಲಿ ಟೈಪ್ ಮಾಡೋದು ಬೇರೆ, ಗೊತ್ತಿಲ್ಲದವರು ಬರೆದದ್ದನ್ನ ಓದೋದು ಬೇರೆ. ಗ್ರೂಪಲ್ಲಿ ಯಾರು, ಯಾವ ವಿಷಯಕ್ಕೆ ಹೇಳ್ತಿದಾರೆ ಅಂತ ಮೊದಲೇ ಗೊತ್ತಿರುತ್ತೆ. ಕ್ಯಾಪ್ಷನಲ್ಲಿ ಮೊದಲ ಪದವೇ ಎಲ್ಲ ಹೇಳ್ಬೇಕು. ಈ ಜಾಕೆಟ್ಟಿನ ಕ್ಯಾಪ್ಷನನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ನೋಡಿ:

```
male shuru. jacket seat kelage ide.
```

ಮೊದಲ ಪದ ಏನಂತ ಓದಿದ್ರಿ? ಮಳೆ ಅಂತ ಓದಕ್ಕೆ ಮುಂಚೆ ಕಣ್ಣಿಗೆ ಬೀಳೋದು ಗಂಡಸು ಅನ್ನೋ ಇಂಗ್ಲಿಷ್ ಪದ. ಪಕ್ಕದಲ್ಲೇ ಜಾಕೆಟ್ ಬೇರೆ ಇದೆ, ಗಂಡಸರ ಜಾಕೆಟ್ ಅಂದ್ಕೊಳ್ಳೋದು ಖಂಡಿತ. ಇದೇ ಥರ ಇನ್ನೂ ಇವೆ:

```
bele   = ಬೆಲೆ / ಬೆಳೆ / ಬೇಳೆ
mane   = ಮನೆ / ಮಣೆ
hale   = ಹಳೆ / ಹಾಳೆ
```

ಲ-ಳ, ನ-ಣ, ಹ್ರಸ್ವ-ದೀರ್ಘ ಇವು ಆ ಅಕ್ಷರಗಳಲ್ಲಿ ಹೆಚ್ಚಾಗಿ ಬೇರೆಯಾಗಲ್ಲ. ಹಾಗಾಗಿ ಆ ಲಿಪೀಲೇ ಬರೆಯೋದಾದ್ರೆ ಇಂಥ ಪದಗಳನ್ನ ವಾಕ್ಯದ ಮೊದಲಿಗೆ ಇಡಬಾರದು. ಪದಗಳ ಮಧ್ಯೆ ಬಂದ್ರೆ ಅಕ್ಕಪಕ್ಕದಿಂದ ಅರ್ಥ ಸಿಗುತ್ತೆ.

---

ಒತ್ತಕ್ಷರ

ಸ್ಕ್ರಾಲ್ ನಿಲ್ಸಿ ಅವ್ರು ಹೇಳಿದ್ರಲ್ಲಿ ಅರ್ಧ ನಿಜ ಇದೆ, ಅದನ್ನ ತಳ್ಳಿಹಾಕಬಾರದು. ನಿಧಾನಕ್ಕೆ ಓದೋರು ನಿಜವಾಗಿಯೂ ಇದಾರೆ. ಅವರಿಗೆ ಕಷ್ಟ ಆಗೋದು ಎಲ್ಲ ಕನ್ನಡ ಅಕ್ಷರ ಅಲ್ಲ, ಒತ್ತು ಒತ್ತಾಗಿ ಕಟ್ಟಿದ ಪದಗಳು. ಮಾತಿನ ಕನ್ನಡ ಅಂತ ಸ್ವರಗಳನ್ನ ನುಂಗಿ ಬರೆದಷ್ಟೂ ಒತ್ತು ಹೆಚ್ಚಾಗುತ್ತೆ. "ಇಟ್ಕೊಂಡ್ಬಿಡ್ಬೋದು" ಅಂತ ಕೇಳಕ್ಕೆ ಸಹಜ, ಕಣ್ಣಿಗೆ ಗೋಡೆ. "ಇಟ್ಕೊಬಹುದು" ಸಾಕು, ಓದೋರು ತಮ್ಮ ಬಾಯಲ್ಲಿ ತಾವೇ ಮೊಟಕು ಮಾಡ್ಕೊಳ್ತಾರೆ. ನಾನು ಪಾಲಿಸೋದು ಇಷ್ಟು: ಕ್ರಿಯಾಪದದ ಬಾಲ ಮಾತಿನ ರೂಪದಲ್ಲಿರಲಿ, ಪದದ ಹೊಟ್ಟೆ ಪೂರ್ತಿ ಇರಲಿ. ಒಂದು ಪದದಲ್ಲಿ ಎರಡಕ್ಕಿಂತ ಹೆಚ್ಚು ಒತ್ತು ಬಂದ್ರೆ ಬಿಡಿಸಿ ಬರೀರಿ.

ಇನ್ನೊಂದು ಕಡೆ ಕಣ್ಣು ಎಡವೋದು ಇಂಗ್ಲಿಷ್ ಪದಕ್ಕೆ ಪ್ರತ್ಯಯ ಸೇರೋ ಜಾಗದಲ್ಲಿ. ಸೀಟ್ ಮತ್ತು ನಲ್ಲಿ ಸೇರಿಸಿ ಹಾಗೇ ಟೈಪ್ ಮಾಡಿದ್ರೆ "ಸೀಟ್ನಲ್ಲಿ" ಆಗುತ್ತೆ, ಟ ಕೆಳಗೆ ನ ಒತ್ತು ಬಂದು ಪದದ ಗುರುತೇ ಹೋಗುತ್ತೆ. ಸರಿಯಾಗಿ ಬರಬೇಕಾದ್ರೆ ಮಧ್ಯೆ ಕಾಣದ ಒಂದು ಅಕ್ಷರ ಹಾಕ್ಬೇಕು:

```
ಸೀಟ್ + U+200C + ನಲ್ಲಿ = ಸೀಟ್‌ನಲ್ಲಿ
```

ಎಷ್ಟೋ ಫೋನ್ ಕೀಬೋರ್ಡಲ್ಲಿ ಆ ಕೀ ಎಲ್ಲಿದೆ ಅಂತ ಹುಡುಕೋದೇ ಕಷ್ಟ. ಸುಲಭದ ದಾರಿ ಮಾತಲ್ಲೇ ಇದೆ. ಜನ "ಸೀಟಲ್ಲಿ", "ಆಫೀಸಿಗೆ", "ಬಸ್ಸಲ್ಲಿ", "ಸೈಜಲ್ಲಿ" ಅಂತಾರೆ. ಹಾಗೇ ಬರೆದ್ರೆ ಕಾಣದ ಅಕ್ಷರವೂ ಬೇಡ, ಗುರುತು ಕೆಡಿಸೋ ಒತ್ತೂ ಇಲ್ಲ, ಓದಕ್ಕೂ ಸಹಜ. ಸ್ವರದಲ್ಲಿ ಮುಗಿಯೋ ಪದಗಳಿಗೆ ಈ ತೊಂದ್ರೆನೇ ಇಲ್ಲ: ಡೆಲಿವರಿಗೆ, ಪಾರ್ಟಿಗೆ, ಬಯೋದಲ್ಲಿ. ಒಂದು ಎಚ್ಚರಿಕೆ, ಬಟ್ಟೆ ಮಾರೋರು "ಸಾರಿಗೆ ಮ್ಯಾಚಿಂಗ್" ಅಂತ ಬರೀಬೇಡಿ, ಸಾರಿಗೆ ಸಂಸ್ಥೆ ನೆನಪಾಗುತ್ತೆ. ಅಲ್ಲಿ "ಸೀರೆಗೆ" ಅನ್ನೋದೇ ಮೇಲು.

---

ಸಾಬೂನುಗೂಡು

ಕ್ಷಮಿಸಿ, ಜಾಕೆಟ್ ಮಧ್ಯೆ ನನ್ನದೊಂದು ಕೇಳ್ತೀನಿ. ಮನೇಲಿ ಸೋಪ್ ಮಾಡಿ ಮಾರ್ತೀನಿ. "ನಮ್ಮ ಸೋಪ್ ಸ್ಕಿನ್‌ಗೆ ತುಂಬಾ ಗುಡ್ ಆಗಿದೆ, ಸ್ಮೂತ್ ಆಗಿ ಫೀಲ್ ಆಗುತ್ತೆ" ಅಂತ ಹಾಕಿದ್ದೆ. ವಾಕ್ಯದ ಕೊನೆ ಕನ್ನಡದಲ್ಲೇ ಇದೆ. ಆದ್ರೂ ಮಗಳು ಓದಿ "ಅಮ್ಮಾ, ಇದು ಬೇಡ" ಅಂದ್ಲು.

---

ಹಾಳೆಪೆನ್ನು

ಮೇಡಂ, "ಸ್ಮೂತಾಗಿದೆ" ಸರಿ, "ಗುಡ್ ಆಗಿದೆ" ಸರಿ ಅಲ್ಲ. ಕನ್ನಡದಲ್ಲಿ ಯಾವಾಗಲೂ ಬಾಯಲ್ಲಿರೋ ಪದ ಇದ್ದಾಗ ಅದರ ಜಾಗಕ್ಕೆ ಇಂಗ್ಲಿಷ್ ಬರಲ್ಲ. ಒಳ್ಳೇದು, ಚೆನ್ನಾಗಿದೆ ಇವು ಹಾಗೆ. ಕ್ಯೂಟ್, ಸಾಫ್ಟ್, ಫ್ರೆಶ್, ಟೈಟ್, ಲೂಸ್ ಇವುಗಳ ಜೊತೆ "ಆಗಿದೆ" ಒಗ್ಗಿಹೋಗಿದೆ, ಸೇರಿಸಿ "ಸಾಫ್ಟಾಗಿದೆ" ಅಂತ ಬರೆದ್ರೆ ಇನ್ನೂ ಸಹಜ. "ಫೀಲ್ ಆಗುತ್ತೆ" ಕೂಡ ಮಾತಲ್ಲಿದೆ, ಆದ್ರೆ ಹೆಚ್ಚಾಗಿ ಮನಸ್ಸಿಗೆ ಬೇಜಾರಾದಾಗ ಹೇಳೋದು, "ತುಂಬಾ ಫೀಲ್ ಆಯ್ತು" ಅಂತ. ಸೋಪಿಗೆ ಅದು ಕೂರಲ್ಲ. "ಸ್ನಾನ ಆದ್ಮೇಲೆ ಸ್ಕಿನ್ ಎಳೆದಂಗಾಗಲ್ಲ" ಅಂತ ಬರೀರಿ. ಸೋಪ್ ಹಾಕಿದಾಗ ಆಗೋ ಕಷ್ಟ ಎಲ್ಲರಿಗೂ ಗೊತ್ತಿರೋದೇ, ಅದು ಆಗಲ್ಲ ಅಂದ್ರೆ ಸಾಕು.

---

ಸಾಬೂನುಗೂಡು

"ಎಳೆದಂಗಾಗಲ್ಲ" ಅನ್ನೋದು ನಾವು ಮನೇಲಿ ಹೇಳೋದೇ. ಬರೆಯುವಾಗ ಬರಲೇ ಇಲ್ಲ ನೋಡಿ. ಧನ್ಯವಾದ.

---

ಧಾರವಾಡ_ಪೇಢೆ

ನೀವೆಲ್ಲಾ ಮಾತಿನ ಕನ್ನಡ ಅಂತ ಹೇಳಾಕತ್ತೀರಿ, ಆದ್ರ ಅದು ಬೆಂಗಳೂರಿನ ಮಾತು. ಇರುತ್ತೆ, ಹೋಗುತ್ತೆ ಅಂತ ನಮ್ಮ ಕಡೆ ಅನ್ನಂಗಿಲ್ಲ. ಇರ್ತದ, ಹೋಗ್ತದ ಅಂತೀವಿ. ಹುಬ್ಬಳ್ಳಿಯೊಳಗೂ ಸ್ಕೂಟರ್ ಅದಾವ, ಮಳಿ ಬರ್ತದ. "ಇರುತ್ತೆ" ಓದಿದ ಕೂಡ್ಲೆ ಇದು ನಮಗಲ್ಲ ಅನಸ್ತದ. ಪುಸ್ತಕದ ಕನ್ನಡ ಇದ್ರ ಹಂಗ ಅನಸೂದಿಲ್ಲ, ಅದು ಎಲ್ಲಾರದೂ.

---

ಒತ್ತಕ್ಷರ

ನಿಮ್ಮ ಮಾತು ಸರಿ, ಇದಕ್ಕೆ ಪೂರ್ತಿ ಉತ್ತರ ನನ್ನ ಹತ್ರ ಇಲ್ಲ. ಬೆಂಗಳೂರಲ್ಲಿ ಕೂತವರು "ಭಾಳ ಛಲೋ ಐತ್ರೀ" ಅಂತ ಬರೆದ್ರೆ ಅದು ವೇಷ ಹಾಕಿದಂಗೆ ಕಾಣುತ್ತೆ, ಎಲ್ಲಾ ವಾಕ್ಯಕ್ಕೂ "ರೀ" ಅಂಟಿಸಿದ್ರೆ ಇನ್ನೂ ಕೆಟ್ಟದು. ಹುಬ್ಬಳ್ಳಿಗೆ ಬೇರೆ ಜಾಹೀರಾತು ಹೋಗೋದಾದ್ರೆ ಅಲ್ಲಿಯವರೇ ಬರೀಬೇಕು.

ಒಂದೇ ಕ್ಯಾಪ್ಷನ್ ಎರಡೂ ಕಡೆ ಹೋಗೋದಾದ್ರೆ, ಎರಡು ಮಾತು ಬೇರೆಯಾಗೋ ಜಾಗವನ್ನೇ ಕಮ್ಮಿ ಮಾಡಬಹುದು. ಹೆಚ್ಚು ಬೇರೆಯಾಗೋದು "ಉತ್ತೆ" ಬಾಲದಲ್ಲಿ. ಕ್ರಿಯಾಪದವೇ ಇಲ್ಲದ ವಾಕ್ಯ ಕನ್ನಡಕ್ಕೆ ಸಹಜ: "ಸೀಟ್ ಕೆಳಗೇ ಜಾಕೆಟ್." "ಎಂ ಇಂದ ಡಬಲ್ ಎಕ್ಸೆಲ್." ಹಾಗೇ "ಹಾಕಿ, ಹೊರಡಿ" ಅನ್ನೋ ರೂಪ ಎಲ್ಲ ಕಡೆ ನಡೆಯುತ್ತೆ.

---

ಧಾರವಾಡ_ಪೇಢೆ

ಹೊರಡಿ ಅಂದ್ರ ತಿಳೀತದ, ನಾವು ಹೊರಡ್ರಿ ಅಂತೀವಿ ಅಷ್ಟ. ಕ್ರಿಯಾಪದ ಬಿಡೂದು ಛಲೋ ಉಪಾಯ. ಆದ್ರ ಪುಸ್ತಕದ ಕನ್ನಡ ಬಿಗಿ ಅನ್ನೂದನ್ನ ನಾನು ಒಪ್ಪಂಗಿಲ್ಲ. ಸಣ್ಣ ವಾಕ್ಯ ಬರದ್ರ ಅದೂ ಹಗುರ ಇರ್ತದ.

---

ಮಳೆಕೋಟು

ಇದೇ ಪಠ್ಯ ಎಸ್ಸೆಮ್ಮೆಸ್ಸಲ್ಲೂ ಕಳಿಸ್ಬೇಕು ಅಂತ ಈಗ ಹೇಳ್ತಿದಾರೆ. ಹಾಗೇ ಹಾಕಬಹುದಾ?

---

ಹಾಳೆಪೆನ್ನು

ಉದ್ದ ನೋಡ್ಕೊಳ್ಳಿ. ಬರೀ ಇಂಗ್ಲಿಷ್ ಅಕ್ಷರದ ಎಸ್ಸೆಮ್ಮೆಸ್ 160 ಅಕ್ಷರ ಹಿಡಿಯುತ್ತೆ. ಒಂದೇ ಒಂದು ಕನ್ನಡ ಅಕ್ಷರ ಬಂದ್ರೂ ಇಡೀ ಮೆಸೇಜ್ 70ಕ್ಕೆ ಇಳಿಯುತ್ತೆ, ಅದು ದಾಟಿದ್ರೆ ಎರಡು ಮೆಸೇಜಿನ ದುಡ್ಡು. ₹ ಚಿಹ್ನೆ ಹಾಕಿದ್ರೂ ಇದೇ ಕಥೆ. ಆ 70 ಕೂಡ ನಾವು ಎಣಿಸೋ ಅಕ್ಷರ ಅಲ್ಲ, ಒತ್ತು, ಗುಣಿತ, ಸೊನ್ನೆ ಒಂದೊಂದೂ ಲೆಕ್ಕಕ್ಕೆ ಬರುತ್ತೆ. "ಸ್ಟ್ರಾಂಗ್" ಅನ್ನೋ ಒಂದು ಪದಕ್ಕೇ 9 ಹೋಗುತ್ತೆ. "ಗಟ್ಟಿ" ಅಂದ್ರೆ 5. ಎಸ್ಸೆಮ್ಮೆಸ್ಸಿಗೆ ಮೊದಲ ಸಾಲು, ಬೆಲೆ, ಲಿಂಕ್ ಇಷ್ಟೇ ಇಡಿ.

---

ಮಳೆಕೋಟು

ಮೂರನೇದು. ಇಲ್ಲಿ ಹೇಳಿದ್ದೆಲ್ಲ ನೋಡ್ಕೊಂಡು ಬರೆದಿದೀನಿ:

> ಸಿಗ್ನಲ್ ಬಿಡೋಕೆ ಮುಂಚೆ ಮಳೆ ಶುರು.
> ಜಾಕೆಟ್ ಸೀಟ್ ಕೆಳಗೇ ಇದೆ. ಹಾಕಿ, ಜಿಪ್ ಎಳೀರಿ, ಹೊರಡಿ.
>
> ಹೊಲಿಗೆಗೂ ಒಳಗಿಂದ ಟೇಪ್ ಇದೆ, ಅಲ್ಲಿಂದಲೂ ನೀರು ಬರಲ್ಲ. ಬೆನ್ನ ಮೇಲೆ ರಿಫ್ಲೆಕ್ಟರ್. ಮಡಚಿದ್ರೆ ಅದರ ಜೇಬಿಗೇ ಹೋಗುತ್ತೆ.
> ಎಂ ಇಂದ ಡಬಲ್ ಎಕ್ಸೆಲ್. ₹1,299.
> ಲಿಂಕ್ ಬಯೋದಲ್ಲಿದೆ. ಸೈಜ್ ಡೌಟ್ ಇದ್ರೆ ಡಿಎಂ ಮಾಡಿ.

"ಸಖತ್" ತೆಗೆದಿದೀನಿ. ತೆಗೆದ್ರೆ ಏನೂ ಕಮ್ಮಿ ಆಗಲಿಲ್ಲ.

---

ಒತ್ತಕ್ಷರ

ಇದು ನಿಂತಿದೆ. ಇನ್‌ಸ್ಟಾಗ್ರಾಮಲ್ಲಿ ಮೊದಲ ಒಂದೆರಡು ಸಾಲಷ್ಟೇ ಕಾಣೋದು, ಉಳಿದದ್ದು ಒತ್ತಿದ್ರೆ ತೆರೆಯುತ್ತೆ. ನಿಮ್ಮ ಮೊದಲ ಎರಡು ಸಾಲಲ್ಲೇ ಮಳೆ, ಸೀಟ್, ಜಾಕೆಟ್ ಮೂರೂ ಬಂದಿವೆ. "ಸೈಜ್ ಡೌಟ್ ಇದ್ರೆ ಡಿಎಂ ಮಾಡಿ" ಅನ್ನೋದ್ರಲ್ಲಿ ಮೂರು ಇಂಗ್ಲಿಷ್ ಪದ ಇದೆ, ಒಂದೂ ಹೊರಗಿನದು ಅನ್ಸಲ್ಲ.

ಹಾಕೋ ಮುಂಚೆ ಒಂದು ಪರೀಕ್ಷೆ ಮಾಡಿ. ಕ್ಯಾಪ್ಷನ್ ಮೊದಲು ನೋಡಿರದ ಮೂರು ಜನರಿಗೆ ಕೊಟ್ಟು, ಒಂದೇ ಸಲ ಗಟ್ಟಿಯಾಗಿ ಓದಿ ವಾಯ್ಸ್ ನೋಟ್ ಕಳಿಸಕ್ಕೆ ಹೇಳಿ. ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳ್ತಾರೆ. ಕೇಳಿಸ್ಕೊಳ್ಳಬೇಕಾದ್ದು ಎರಡು: ಎಲ್ಲಿ ನಿಂತು ವಾಪಸ್ ಹೋಗಿ ಓದಿದ್ರು, ಎಲ್ಲಿ ತಮಗೆ ಗೊತ್ತಿಲ್ಲದೆ ಪದ ಬದಲಾಯಿಸಿ ಓದಿದ್ರು. ಬರೆದದ್ದು "ಬಿಡೋಕೆ ಮುಂಚೆ", ಇಬ್ಬರು "ಬಿಡೋ ಮುಂಚೆ" ಅಂತ ಓದಿದ್ರೆ ಅವರ ಬಾಯಿಗೆ ಬಂದದ್ದೇ ಇಟ್ಕೊಳ್ಳಿ.

---

ಸ್ಕ್ರಾಲ್_ನಿಲ್ಸಿ

ಆ ಮೂರು ಜನರಲ್ಲಿ ಕನ್ನಡ ಓದಕ್ಕೆ ನಿಧಾನ ಇರೋರು ಒಬ್ಬರಾದ್ರೂ ಇರಲಿ. ನನ್ನ ವಾದ ಇನ್ನೂ ಬಿಟ್ಟಿಲ್ಲ. ಸಾಧ್ಯ ಆದ್ರೆ ಇದನ್ನೇ ಎರಡು ಲಿಪೀಲೂ ಹಾಕಿ, ಎರಡು ವಾರ ಬಿಟ್ಟು ಯಾವುದಕ್ಕೆ ಸೈಜ್ ಕೇಳಿ ಡಿಎಂ ಬಂತು ಅಂತ ನೋಡಿ. ಲೈಕ್ ಲೆಕ್ಕ ಹಾಕ್ಬೇಡಿ, ಫೋಟೋಗೂ ಲೈಕ್ ಬೀಳುತ್ತೆ.

---

ಮಳೆಕೋಟು

ಮಾಡ್ತೀನಿ. ಇಂಗ್ಲಿಷ್ ಅಕ್ಷರದ್ದು "ಸಿಗ್ನಲ್" ಇಂದ ಶುರುವಾಗೋದ್ರಿಂದ ಮಳೆ ಮೊದಲ ಪದ ಅಲ್ಲ, ಗಂಡಸರ ಜಾಕೆಟ್ ಅನ್ನೋ ಗೊಂದಲ ಆಗಲಿಕ್ಕಿಲ್ಲ. ಎರಡನ್ನೂ ಒಂದೇ ದಿನ ಹಾಕ್ಲಾ, ಬೇರೆ ಬೇರೆ ವಾರಕ್ಕಾ?

---

ಹಾಳೆಪೆನ್ನು

ಬೇರೆ ವಾರ ಹಾಕಿದ್ರೆ ಒಂದು ವಾರ ಮಳೆ ಬಂದು ಇನ್ನೊಂದು ವಾರ ಬಿಸಿಲಿದ್ರೆ ಲೆಕ್ಕ ತಪ್ಪುತ್ತೆ. ಜಾಹೀರಾತಾಗಿ ಹಾಕಿ, ಒಂದೇ ಫೋಟೋ, ಒಂದೇ ದಿನ, ಒಂದೇ ದುಡ್ಡು, ಜನರನ್ನ ಎರಡು ಪಾಲು ಮಾಡಿ. ಡಿಎಂ ಯಾವುದರಿಂದ ಬಂತು ಅಂತ ಗೊತ್ತಾಗಕ್ಕೆ ಒಂದರಲ್ಲಿ "ಸೈಜ್ ಅಂತ ಡಿಎಂ ಮಾಡಿ", ಇನ್ನೊಂದರಲ್ಲಿ "ಮಳೆ ಅಂತ ಡಿಎಂ ಮಾಡಿ" ಅಂತ ಕೊನೇ ಸಾಲು ಬೇರೆ ಇಡಿ. ಮಳೆ ಅನ್ನೋದನ್ನ ಕನ್ನಡ ಲಿಪಿಯ ಕ್ಯಾಪ್ಷನ್‌ಗೇ ಕೊಡಿ.